ಫರ್ಸಿ ಕಟಿಂಗ್ ಶೆಡ್ ಗೋಡೆಗೆ ಸೂಚನೆ ಬರೆಯಬೇಕು: "ಸ್ವಿಚ್ ಆಫ್ ಮಾಡಿ" ಅಂತ ಬರೆದರೆ ಸಾಕಾ?

ಫರ್ಸಿ ಶೆಡ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಶಹಾಬಾದ್ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಫರ್ಸಿ ಕಟಿಂಗ್ ಶೆಡ್ ಇದೆ. ಅಪ್ಪ ಶುರು ಮಾಡಿದ್ದು. ಈಗ ಎರಡು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಕೆಲಸಕ್ಕೆ ನಾಲ್ಕು ಜನ. ಒಂದು ದೊಡ್ಡ ತ್ರೀ ಫೇಸ್ ಮಷಿನ್, ಎರಡು ಕೈ ಕಟರ್, ಒಂದು ಗ್ರೈಂಡರ್, ನೀರಿಗೆ ಅರ್ಧ ಎಚ್‌ಪಿ ಪಂಪು. ಅಡುಗೆ ಕಟ್ಟೆ, ಮೆಟ್ಟಿಲು, ಹೊಸ್ತಿಲು ಕತ್ತರಿಸಿ ಕೊಡುತ್ತೇವೆ.

ಹೋದ ಮಂಗಳವಾರ ನಡೆದದ್ದು ಹೇಳುತ್ತೇನೆ. ಮಧ್ಯಾಹ್ನ ಕರೆಂಟ್ ಹೋಯಿತು. ಒಬ್ಬ ಹುಡುಗ ಕೈ ಕಟರ್‌ನಲ್ಲಿ ಮೆಟ್ಟಿಲಿನ ಕಲ್ಲು ಕೊಯ್ಯುತ್ತಿದ್ದ. ಹೇಗೂ ಕರೆಂಟ್ ಇಲ್ಲ, ಸುಮ್ನೆ ಕೂರುವ ಬದಲು ಸವೆದ ಬ್ಲೇಡ್ ಬದಲಿಸೋಣ ಅಂತ ಕಟರ್ ಅನ್ನು ಕಲ್ಲಿನ ಮೇಲೆ ಮಲಗಿಸಿ ಪಾನಾ ಹಾಕಿದ. ಕಟರಿನ ಲಾಕ್ ಬಟನ್ ಒತ್ತಿಯೇ ಇತ್ತು. ಅಷ್ಟರಲ್ಲಿ ಕರೆಂಟ್ ಬಂತು. ಕಟರ್ ಎಗರಿ ಬಿತ್ತು, ಪಾನಾ ಹಾರಿ ತಗಡಿಗೆ ಬಡಿಯಿತು. ಅವನ ಕೈಗವಸು ಹೆಬ್ಬೆರಳಿನ ಹತ್ತಿರ ಸೀಳಿತ್ತು, ಬೆರಳಿಗೆ ಏನೂ ಆಗಿರಲಿಲ್ಲ. ಆ ಕೈಗವಸನ್ನು ಇನ್ನೂ ನನ್ನ ಟೇಬಲ್ ಮೇಲೆ ಇಟ್ಟುಕೊಂಡಿದ್ದೇನೆ.

ಅವತ್ತು ರಾತ್ರಿಯೇ ಗೋಡೆಗೆ ಹಾಕಲು ಸೂಚನೆ ಬರೆಯಲು ಕೂತೆ. ಮೂರು ಸಾಲು ಆಯಿತು:

ಎಕ್ಸ್‌ಟೆನ್ಷನ್ ಬೋರ್ಡ್ ಎಚ್ಚರಿಕೆಯಿಂದ ಬಳಸಿ.
ನೆಲ ಒದ್ದೆ ಇದ್ದಾಗ ಕರೆಂಟ್ ಸಾಮಾನು ಮುಟ್ಟಬೇಡಿ.
ರಿಪೇರಿಗೆ ಮುಂಚೆ ಸ್ವಿಚ್ ಆಫ್ ಮಾಡಿ.

ಬರೆದ ಮೇಲೆ ನನಗೇ ಸರಿ ಅನ್ನಿಸಲಿಲ್ಲ. ನಮ್ಮಲ್ಲಿ ನೀರು ಬಿಡದೆ ಕಲ್ಲು ಕೊಯ್ಯುವುದೇ ಇಲ್ಲ, ನೆಲ ಒಣಗಿರುವುದೇ ಇಲ್ಲ. ಎರಡನೇ ಸಾಲು ಪಾಲಿಸಿದರೆ ಶೆಡ್ ಮುಚ್ಚಬೇಕಾಗುತ್ತದೆ. ಮೂರನೇ ಸಾಲಿನ ಪ್ರಕಾರ ಆ ಹುಡುಗ ಏನು ತಪ್ಪು ಮಾಡಿದ? ಕರೆಂಟೇ ಇರಲಿಲ್ಲವಲ್ಲ! ತಿಳಿದವರು ಹೇಳಿ, ಏನು ಬರೆಯಲಿ?

ವೆಲ್ಡಿಂಗ್ ಅಣ್ಣ, ಯಾದಗಿರಿ

ತಂಗಿ, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ನಾನು 18 ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದೇನೆ. ಎರಡೇ ಮಾತು. ಎಲ್ಲರಿಗೂ ರಬ್ಬರ್ ಬೂಟು ಕೊಡಿಸಿ. ಮುಟ್ಟುವ ಮುಂಚೆ ಟೆಸ್ಟರ್ ಹಚ್ಚಿ ನೋಡಲು ಹೇಳಿ. ಟೆಸ್ಟರ್ ಉರಿಯಲಿಲ್ಲ ಅಂದರೆ ಕರೆಂಟ್ ಇಲ್ಲ, ಧೈರ್ಯವಾಗಿ ಕೆಲಸ ಮಾಡಬಹುದು. ಬೋರ್ಡಿನ ಸ್ವಿಚ್ ಆಫ್ ಮಾಡಿದರೆ ಸಾಕು, ಅದಕ್ಕೇ ತಾನೆ ಸ್ವಿಚ್ ಇರುವುದು?

ನಿವೃತ್ತ ವೈರ್‌ಮನ್, ಕಲಬುರಗಿ

ವೆಲ್ಡಿಂಗ್ ಅಣ್ಣನವರ ಬೂಟಿನ ಮಾತು ಒಳ್ಳೆಯದು, ಬೂಟು ಬೇಕು. ಆದರೆ ಆ ಎರಡು ಸಲಹೆ ಒಂದಕ್ಕೊಂದು ಹೊಂದುವುದಿಲ್ಲ. ನಿಯಾನ್ ಟೆಸ್ಟರ್ ಉರಿಯಬೇಕಾದರೆ ನಿಮ್ಮ ಮೈಯಿಂದ ನೆಲಕ್ಕೆ ಚೂರು ಕರೆಂಟ್ ಹೋಗಬೇಕು. ದಪ್ಪ ಒಣ ರಬ್ಬರ್ ಮೇಲೆ ನಿಂತರೆ ಬೆಳಕು ಮಂಕಾಗುತ್ತದೆ. ಹಗಲು ಬಯಲಲ್ಲಿ ಅದು ಕಾಣುವುದೇ ಇಲ್ಲ. ಟೆಸ್ಟರ್ ಒಳಗಿನ ಬಲ್ಬೇ ಹೋಗಿದ್ದರೂ ಉರಿಯುವುದಿಲ್ಲ. ಅದಕ್ಕೆ ನಾವು ಮೊದಲು ಕರೆಂಟ್ ಇರುವುದು ಖಾತ್ರಿಯಿರುವ ಒಂದು ಸಾಕೆಟ್‌ಗೆ ಹಚ್ಚಿ, ಆಮೇಲೆ ಬೇಕಾದ ಕಡೆ ಹಚ್ಚಿ, ಮತ್ತೆ ಮೊದಲಿನ ಸಾಕೆಟ್‌ಗೆ ಹಚ್ಚಿ ನೋಡುತ್ತಿದ್ದೆವು. ಮೂರೂ ಸಲ ನೋಡಿದ ಮೇಲೆಯೇ ನಂಬುತ್ತಿದ್ದೆವು.

ತಂಗಿಯ ಮುಖ್ಯ ಪ್ರಶ್ನೆ ಅದಲ್ಲ. ಆ ಹುಡುಗ ಕರೆಂಟ್ ಹೋದದ್ದನ್ನೇ ಆಫ್ ಎಂದುಕೊಂಡ. ಲೈನ್ ಯಾವಾಗ ಬರುತ್ತದೆ ಅನ್ನುವುದು ಅವನ ಕೈಯಲ್ಲಿ ಇರಲಿಲ್ಲ. ಹಾಗಾಗಿ ಮೂರನೇ ಸಾಲಿನಲ್ಲಿ ಸ್ವಿಚ್ ಎಂಬ ಶಬ್ದವನ್ನೇ ತೆಗೆಯಿರಿ. "ಪ್ಲಗ್ ಕಿತ್ತು ಕಣ್ಣೆದುರು ಇಡಿ, ಆಮೇಲೆ ಪಾನಾ ಹಿಡಿಯಿರಿ" ಎಂದು ಬರೆಯಿರಿ. ಪ್ಲಗ್ ಕಣ್ಣಿಗೆ ಕಾಣುತ್ತಿದ್ದರೆ ಕರೆಂಟ್ ಬಂದರೂ, ಬೇರೆಯವನು ಬಂದು ಸ್ವಿಚ್ ಒತ್ತಿದರೂ ಆ ಕಟರ್ ತಿರುಗುವುದಿಲ್ಲ.

ಕಟರ್ ಕೆಲಸದವ, ಚಿತ್ತಾಪುರ

ಕಾಕಾ ಹೇಳಿದ್ದು ಖರೇ. ನನ್ನದೂ ಒಂದು ಕೇಳಿ. ಎರಡು ವರ್ಷದ ಹಿಂದೆ ಬೇರೆ ಒಂದು ಶೆಡ್‌ನಲ್ಲಿದ್ದೆ. ಗ್ರೈಂಡರ್ ಕಿಡಿ ಜಾಸ್ತಿ ಹಾರಿಸುತ್ತಿತ್ತು, ಕಾರ್ಬನ್ ಸವೆದಿದೆ ಎಂದು ಗೊತ್ತಾಯಿತು. ಬೋರ್ಡಿನ ಸ್ವಿಚ್ ಆಫ್ ಮಾಡಿದೆ. ನಾನೇ ಆಫ್ ಮಾಡಿದ್ದು, ಬೇರೆ ಯಾರೂ ಆನ್ ಮಾಡಿಲ್ಲ. ಕಾರ್ಬನ್ ಮುಚ್ಚಳ ಬಿಚ್ಚಿ ಸ್ಪ್ರಿಂಗ್ ಎಳೆದೆ ನೋಡಿ, ಮೊಣಕೈ ತನಕ ಝಾಡಿಸಿತು. ಹಿಂದಕ್ಕೆ ಬಿದ್ದೆ. ಸ್ವಿಚ್ ನೋಡಿದರೆ ಆಫ್‌ನಲ್ಲೇ ಇದೆ! ನನಗೆ ಇವತ್ತಿನವರೆಗೂ ಅರ್ಥವಾಗಿಲ್ಲ. ಶೆಡ್ ಮಾಲೀಕರು ನಾನು ಸುಳ್ಳು ಹೇಳುತ್ತಿದ್ದೇನೆ ಎಂದರು.

ನಿವೃತ್ತ ವೈರ್‌ಮನ್, ಕಲಬುರಗಿ

ತಮ್ಮಾ, ನೀನು ಸುಳ್ಳು ಹೇಳಿಲ್ಲ. ಒಂದು ಮಾತು ಹೇಳು. ಆ ಬೋರ್ಡಿನ ತುದಿಗೆ ಎರಡು ಪಿನ್ನಿನ ಪ್ಲಗ್ ಇತ್ತಾ, ಮೂರು ಪಿನ್ನಿಂದಾ?

ಕಟರ್ ಕೆಲಸದವ, ಚಿತ್ತಾಪುರ

ಎರಡು ಪಿನ್ನಿಂದು ಕಾಕಾ. ಮೂರು ಪಿನ್ನಿಂದು ಒಡೆದಿತ್ತು, ಅಲ್ಲೇ ಯಾರೋ ಎರಡು ಪಿನ್ನಿಂದು ಕಟ್ಟಿದ್ದರು.

ನಿವೃತ್ತ ವೈರ್‌ಮನ್, ಕಲಬುರಗಿ

ಅಲ್ಲೇ ಇದೆ ನೋಡು ಕಾರಣ. ಬೋರ್ಡಿನ ಸ್ವಿಚ್ ಎರಡು ತಂತಿಯಲ್ಲಿ ಒಂದನ್ನು ಮಾತ್ರ ಕಡಿಯುತ್ತದೆ. ಅದು ಫೇಸ್ ಆಗಿರಬೇಕು. ಎರಡು ಪಿನ್ನಿನ ಪ್ಲಗ್ ಅನ್ನು ಹೇಗೆ ತಿರುಗಿಸಿ ಹಾಕಿದರೂ ಹೋಗುತ್ತದೆ. ಅವತ್ತು ಯಾರೋ ಉಲ್ಟಾ ಹಾಕಿದ್ದರು. ಆಗ ಸ್ವಿಚ್ ನ್ಯೂಟ್ರಲ್ ಕಡೆ ಬಿತ್ತು. ಸ್ವಿಚ್ ಆಫ್ ಮಾಡಿದರೆ ಮಷಿನ್ ನಿಲ್ಲುತ್ತದೆ, ಏಕೆಂದರೆ ಕರೆಂಟ್ ವಾಪಸ್ ಹೋಗುವ ದಾರಿ ಕಡಿದಿದೆ. ಆದರೆ ಫೇಸ್ ಮಾತ್ರ ಗ್ರೈಂಡರ್ ಹೊಟ್ಟೆಯೊಳಗೆ ಕಾರ್ಬನ್ ತನಕ ಬಂದು ಕೂತಿದೆ. ನೀನು ಮುಟ್ಟಿದ ತಕ್ಷಣ ವಾಪಸ್ ಹೋಗುವ ದಾರಿ ನೀನೇ ಆದೆ. ಒದ್ದೆ ನೆಲದಲ್ಲಿ ನಿಂತಿದ್ದೆಯೋ ಏನೋ.

ಮೂರು ಪಿನ್ನಿನ ಬೋರ್ಡಿನಲ್ಲೂ ಒಳಗೆ ತಂತಿ ಅದಲು ಬದಲಾಗಿದ್ದರೆ ಇದೇ ಕಥೆ. ನೋಡುವುದು ಸುಲಭ. ಒಣ ನೆಲ, ಒಣ ಕೈ, ಬೋರ್ಡಿಗೆ ಏನೂ ಹಾಕಿರಬಾರದು. ಅರ್ತ್‌ನ ದಪ್ಪ ತೂತು ಮೇಲೆ ಬರುವಂತೆ ಹಿಡಿದರೆ ಫೇಸ್ ಇರಬೇಕಾದದ್ದು ಬಲಗಡೆ ತೂತಿನಲ್ಲಿ. ಸ್ವಿಚ್ ಆನ್ ಇದ್ದಾಗ ಟೆಸ್ಟರ್ ಬಲಗಡೆ ಮಾತ್ರ ಉರಿಯಬೇಕು. ಸ್ವಿಚ್ ಆಫ್ ಮಾಡಿದಾಗ ಯಾವ ತೂತಿನಲ್ಲೂ ಉರಿಯಬಾರದು. ಆಫ್ ಮಾಡಿದರೂ ಎಲ್ಲಾದರೂ ಉರಿದರೆ ಆ ಬೋರ್ಡನ್ನು ಪಕ್ಕಕ್ಕಿಟ್ಟು ವೈರ್‌ಮನ್ ಕರೆಸಿ.

ವೆಲ್ಡಿಂಗ್ ಅಣ್ಣ, ಯಾದಗಿರಿ

ಇದು ನನಗೆ ಹೊಸದು. ಇವತ್ತೇ ನನ್ನ ಮೂರು ಬೋರ್ಡು ನೋಡಿದೆ. ಒಂದರಲ್ಲಿ ಸ್ವಿಚ್ ಆಫ್ ಇದ್ದರೂ ಎಡಗಡೆ ತೂತಿನಲ್ಲಿ ಟೆಸ್ಟರ್ ಉರಿಯಿತು. ಅದನ್ನು ನಾನೇ ಕೈಯಾರೆ ಕಟ್ಟಿದ್ದೆ. ಬಿಚ್ಚಿ ಇಟ್ಟಿದ್ದೇನೆ.

ತೊಗರಿ ಹೊಲ, ಸೇಡಂ

ಹೊಲದ ಪಂಪ್‌ಸೆಟ್ಟಿಗೂ ಇದೇ ಸಮಸ್ಯೆ ಅಲ್ವಾ? ನಮ್ಮದು ಆಟೋ ಸ್ಟಾರ್ಟರ್. ರಾತ್ರಿ ಲೈನ್ ಬಂದರೆ ತಾನೇ ಶುರುವಾಗುತ್ತದೆ. ಲೈನ್ ಇಲ್ಲದಾಗ ಹೋಗಿ ಫುಟ್‌ವಾಲ್ವ್ ಬಿಚ್ಚಿದರೆ ಏನು ಮಾಡುವುದು? ನೀವು ಪಂಪಿನ ಬಗ್ಗೆ ಕೇಳಿದ್ದೀರಿ ಎಂದುಕೊಂಡು ಬರೆದೆ, ಪಂಪು ಎಂದು ಓದಿದೆ.

ಐಟಿಐ ಓದುತ್ತಿರುವವ, ಬೀದರ್

ಕಾಕಾ, ನಮಗೆ ಪಾಠದಲ್ಲಿ ಹೇಳಿದ್ದು ಬೇರೆ. ಸ್ಟಾರ್ಟರ್‌ನಲ್ಲಿ ನೋ ವೋಲ್ಟ್ ಕಾಯಿಲ್ ಇರುತ್ತದೆ, ಲೈನ್ ಹೋದರೆ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ, ಲೈನ್ ಬಂದರೂ ಹಸಿರು ಬಟನ್ ಒತ್ತುವ ತನಕ ಮೋಟಾರ್ ತಿರುಗುವುದಿಲ್ಲ. ಹಾಗಿದ್ದರೆ ಅಕ್ಕನ ದೊಡ್ಡ ಮಷಿನ್‌ಗೆ ಭಯ ಇಲ್ಲ ಅಲ್ವಾ?

ನಿವೃತ್ತ ವೈರ್‌ಮನ್, ಕಲಬುರಗಿ

ಇಬ್ಬರ ಮಾತೂ ಬೇಕಾದದ್ದೇ. ಪಾಠದಲ್ಲಿ ಹೇಳಿದ್ದು ಸರಿ, ದೊಡ್ಡ ಮಷಿನ್‌ನ ಸ್ಟಾರ್ಟರ್ ಸಾಧಾರಣವಾಗಿ ಹಾಗೇ ಇರುತ್ತದೆ. ಕೈ ಕಟರ್, ಗ್ರೈಂಡರ್‌ಗಳಲ್ಲಿ ಸಾಮಾನ್ಯವಾಗಿ ಆ ಕಾಯಿಲ್ ಇರುವುದಿಲ್ಲ. ಲಾಕ್ ಒತ್ತಿದ್ದರೆ ಲೈನ್ ಬಂದ ಗಳಿಗೆಯಲ್ಲೇ ಪೂರ್ತಿ ವೇಗ. ಒಂದೇ ಶೆಡ್‌ನಲ್ಲಿ ಎರಡು ತರಹದ ಸಾಮಾನು ಇದ್ದಾಗ ಮೋಸ ಹೋಗುವುದು ಹೀಗೇ. ದೊಡ್ಡ ಮಷಿನ್ ತಾನಾಗಿ ಶುರುವಾಗುವುದಿಲ್ಲ ಎಂದು ರೂಢಿಯಾದ ಕೈ ಕಟರನ್ನೂ ಹಾಗೇ ನಂಬುತ್ತದೆ.

ತಂಗಿ, ಸೇಡಂನವರು ಹೇಳಿದ್ದನ್ನು ನಿಮ್ಮ ನೀರಿನ ಪಂಪಿಗೆ ನೋಡಿಕೊಳ್ಳಿ. ಅದಕ್ಕೆ ಯಾರಾದರೂ ಆಟೋ ಕೂರಿಸಿದ್ದಾರಾ? ಹೊಲದ ಪಂಪಿಗಾದರೆ ಸ್ಟಾರ್ಟರ್ ಡಬ್ಬಿಯಲ್ಲಿ ಆಟೋ ಆಫ್ ಮಾಡಿದರೆ ಸಾಲದು. ಮೇನ್ ಹಿಡಿಕೆ ಕೆಳಗೆಳೆದು, ಮೂರೂ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಂಡೇ ಬಾವಿಗೆ ಇಳಿಯಿರಿ.

ನಿಮ್ಮ ದೊಡ್ಡ ಮಷಿನ್‌ಗೆ ಕೀಳಲು ಪ್ಲಗ್ ಇಲ್ಲ. ಅದರ ಮೇನ್ ಹಿಡಿಕೆಯಲ್ಲಿ ಬೀಗ ಹಾಕುವ ತೂತು ಇದೆಯಾ ನೋಡಿ, ಬಹಳಷ್ಟಕ್ಕೆ ಇರುತ್ತದೆ. ಹಿಡಿಕೆ ಎಳೆದು ಬೀಗ ಹಾಕಿ. ಕೀ ಒಂದೇ ಇರಲಿ, ರಿಪೇರಿ ಮಾಡುವವನ ಜೇಬಿನಲ್ಲೇ ಇರಲಿ, ನಿಮ್ಮ ಟೇಬಲ್ ಡ್ರಾಯರ್‌ನಲ್ಲಿ ಬೇಡ. ಬೀಗ ಹಾಕಿದ ಮೇಲೆ ಎಲ್ಲರನ್ನೂ ಬ್ಲೇಡಿನಿಂದ ದೂರ ನಿಲ್ಲಿಸಿ ಹಸಿರು ಬಟನ್ ಒಮ್ಮೆ ಒತ್ತಿ ನೋಡಿ. ತಿರುಗಲಿಲ್ಲ ತಾನೆ? ಕೆಂಪು ಬಟನ್ ಒತ್ತಿ ಬಿಟ್ಟು, ಆಮೇಲೆ ಕೈ ಹಾಕಿ. ವಿದ್ಯುತ್ ಭಾಗ ಬಿಚ್ಚುವುದಾದರೆ ಅದು ಹುಡುಗರ ಕೆಲಸವೇ ಅಲ್ಲ. ಲೈಸೆನ್ಸ್ ಇರುವವರನ್ನು ಕರೆಸಿ.

ಫರ್ಸಿ ಶೆಡ್, ಕಲಬುರಗಿ

ಕಾಕಾ, ಹೋಗಿ ನೋಡಿ ಬಂದೆ. ಹಿಡಿಕೆಯಲ್ಲಿ ತೂತು ಇದೆ! ಇಷ್ಟು ವರ್ಷ ಅದು ಯಾಕೆ ಇದೆ ಎಂದು ಯೋಚಿಸಿಯೇ ಇರಲಿಲ್ಲ. ಪಂಪಿಗೆ ಆಟೋ ಇಲ್ಲ, ಎಕ್ಸ್‌ಟೆನ್ಷನ್ ಬೋರ್ಡಿಗೇ ಹಾಕಿದ್ದೇವೆ. ಅದೇ ಬೋರ್ಡಿನಲ್ಲಿ ಒಂದು ಕಟರ್, ಗ್ರೈಂಡರ್ ಕೂಡ ಇವೆ. ಬೋರ್ಡು ನೆಲದ ಮೇಲೆ ಒಂದು ಕಲ್ಲಿನ ತುಂಡಿನ ಮೇಲೆ ಇಟ್ಟಿರುತ್ತೇವೆ, ರಾಡಿ ತಾಗದಿರಲಿ ಎಂದು. ವೈರು 30 ಅಡಿ ಇದೆ. ಉದ್ದ ಜಾಸ್ತಿ ಎಂದು ಅರ್ಧ ಸುತ್ತಿಯೇ ಇಟ್ಟಿದ್ದಾರೆ. ಎಂಸಿಬಿ ಒಮ್ಮೆಯೂ ಬಿದ್ದಿಲ್ಲ. ಹಾಗಾಗಿ ಮೊದಲನೇ ಸಾಲಿಗೆ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ.

ನಿವೃತ್ತ ವೈರ್‌ಮನ್, ಕಲಬುರಗಿ

ಆ ಸುತ್ತಿದ ವೈರಿನ ನಡುವೆ ಕೆಲಸ ಮುಗಿಯುವ ಹೊತ್ತಿಗೆ ಕೈ ಹಿಂಭಾಗ ಇಟ್ಟು ನೋಡಿ. ಪ್ಲಗ್ ಕಿತ್ತ ಮೇಲೆ.

ಫರ್ಸಿ ಶೆಡ್, ಕಲಬುರಗಿ

ಸಂಜೆ ಐದಕ್ಕೆ ನೋಡಿದೆ. ಹೊರಗಿನ ಸುತ್ತು ಬೆಚ್ಚಗಿತ್ತು. ನಡುವಿನದು ಸುಡುತ್ತಿತ್ತು, ಕೈ ಇಟ್ಟುಕೊಳ್ಳಲು ಆಗಲಿಲ್ಲ. ಪ್ಲಗ್ಗಿನ ಒಂದು ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿದೆ.

ನಿವೃತ್ತ ವೈರ್‌ಮನ್, ಕಲಬುರಗಿ

ಲೆಕ್ಕ ಹಾಕೋಣ. ನಿಮ್ಮ ಕಟರ್ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. 1200 ಎಂದುಕೊಳ್ಳಿ. ನಮ್ಮಲ್ಲಿ ಮನೆ ಲೈನ್ 230 ವೋಲ್ಟ್. 1200 ಅನ್ನು 230 ರಿಂದ ಭಾಗಿಸಿದರೆ 5 ಆಂಪ್‌ಗಿಂತ ಸ್ವಲ್ಪ ಜಾಸ್ತಿ. ಗ್ರೈಂಡರ್ 850 ವ್ಯಾಟ್ ಇದ್ದರೆ ಸುಮಾರು ಮೂರೂಮುಕ್ಕಾಲು. ಅರ್ಧ ಎಚ್‌ಪಿ ಪಂಪು ಹತ್ತಿರ ಹತ್ತಿರ ಮೂರು. ಮೂರೂ ಒಟ್ಟಿಗೆ ಓಡಿದರೆ 12 ಆಂಪ್. ನಿಮ್ಮ ಬೋರ್ಡಿನ ತುದಿಯಲ್ಲಿರುವುದು ಸಣ್ಣ ಪ್ಲಗ್ ಆದರೆ ಅದು 6 ಆಂಪ್‌ಗೆ ಮಾಡಿದ್ದು. ಎರಡು ಪಟ್ಟು ಹೊರಿಸಿದ್ದೀರಿ.

ಎಂಸಿಬಿ ಯಾಕೆ ಬೀಳಲಿಲ್ಲ? ಗೋಡೆಯೊಳಗಿನ ದಪ್ಪ ವೈರಿಗೆ ಅದನ್ನು ಹಾಕಿರುತ್ತಾರೆ. ಅದು 16 ಆಂಪಿನದಾದರೆ 12 ಅದಕ್ಕೆ ಲೆಕ್ಕಕ್ಕೇ ಇಲ್ಲ. ಬೋರ್ಡಿನ ಸಣ್ಣ ವೈರು ಬೇಯುತ್ತಿರುವುದು ಅದಕ್ಕೆ ಗೊತ್ತಾಗುವುದಿಲ್ಲ. ಸುತ್ತಿಟ್ಟ ವೈರಿನಲ್ಲಿ ಬಿಸಿ ಹೊರಗೆ ಹೋಗಲು ದಾರಿಯಿಲ್ಲ, ಒಳಸುತ್ತು ಮೊದಲು ಕರಗುತ್ತದೆ. ಕರಗಿದ ವೈರು ಒದ್ದೆ ನೆಲದಲ್ಲಿ ಬಿದ್ದಿದ್ದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಕಂದಾದ ಪ್ಲಗ್ ಅನ್ನು ಉಜ್ಜಿ ಮತ್ತೆ ಹಾಕಬೇಡಿ. ಅದನ್ನೂ, ಅದು ಕೂರುತ್ತಿದ್ದ ಸಾಕೆಟ್ಟನ್ನೂ ಬದಲಿಸಿ. ಸಾಕೆಟ್ ಒಳಗಿನ ಪಟ್ಟಿ ಸಡಿಲವಾಗಿರುತ್ತದೆ, ಹೊಸ ಪ್ಲಗ್ ಕೂಡ ಹಾಗೇ ಸುಡುತ್ತದೆ. ಪಂಪಿಗೆ ಗೋಡೆಯಿಂದ ಬೇರೆ ಲೈನ್ ಎಳೆಸಿ. ಕಟರ್‌ಗೆ 16 ಆಂಪಿನ ಸಾಕೆಟ್, ಎರಡೂವರೆ ಎಂಎಂ ವೈರಿನ ಬೋರ್ಡ್ ಮಾಡಿಸಿ. ಒಂದು ಬೋರ್ಡಿಗೆ ಒಂದೇ ಕಟರ್. ವೈರು ಪೂರ್ತಿ ಬಿಚ್ಚಿ ಹಾಸಬೇಕು.

ಮತ್ತೆ, ಕಲ್ಲಿನ ತುಂಡಿನ ಮೇಲೆ ಇಡಬೇಡಿ. ಒಂದು ಬಕೆಟ್ ನೀರು ಚೆಲ್ಲಿದರೆ ಅದೂ ಮುಳುಗುತ್ತದೆ. ಕಂಬಕ್ಕೆ ಎದೆಯೆತ್ತರದಲ್ಲಿ ತೂಗುಹಾಕಿ. ಕಟರಿನ ವೈರು ಬೋರ್ಡಿಗೆ ಸೇರುವ ಮುಂಚೆ ಕೆಳಗೆ ಬಾಗಿ ಜೋತಾಡಿ ಮೇಲೆ ಹೋಗಲಿ. ವೈರಿನ ಮೇಲೆ ಹರಿದು ಬರುವ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಸಾಕೆಟ್ ಒಳಗೆ ಹೋಗುವುದಿಲ್ಲ.

ಕಟರ್ ಕೆಲಸದವ, ಚಿತ್ತಾಪುರ

ಆ ಬಾಗಿನ ಮಾತು ಪಕ್ಕಾ. ನಾವು ಬಾಟಲಿ ಮುಚ್ಚಳಕ್ಕೆ ತೂತು ಮಾಡಿ ಬ್ಲೇಡಿಗೆ ನೀರು ಬಿಡುತ್ತೇವೆ. ನೀರು ಕಟರಿನ ಹಿಡಿಕೆ ದಾಟಿ ವೈರಿನ ಗುಂಟ ಹೋಗುವುದನ್ನು ನಾನೇ ನೋಡಿದ್ದೇನೆ.

ಫರ್ಸಿ ಶೆಡ್, ಕಲಬುರಗಿ

ಎರಡನೇ ಸಾಲಿಗೆ ಬರೋಣ. ನೆಲ ಯಾವಾಗಲೂ ಒದ್ದೆ. ಮುಟ್ಟಬೇಡಿ ಎನ್ನುವಂತಿಲ್ಲ. ಅರ್ತ್ ಇದೆ, ಉಪ್ಪು ಇದ್ದಿಲು ಹಾಕಿದ ಗುಂಡಿ ಶೆಡ್ ಹಿಂದೆ ಇದೆ. ಅಷ್ಟು ಸಾಕಾ?

ನಿವೃತ್ತ ವೈರ್‌ಮನ್, ಕಲಬುರಗಿ

ನಮ್ಮ ಕಡೆಗೆ ಅಷ್ಟು ಸಾಲದು. ನಿಮ್ಮ ಶೆಡ್ ಕೆಳಗೆ ಇರುವುದೇ ಸುಣ್ಣಕಲ್ಲಿನ ಪದರ. ಎರಡಡಿ ತೋಡಿದರೆ ಫರ್ಸಿ. ಕಲ್ಲಿನಲ್ಲಿ ಅರ್ತ್ ಚೆನ್ನಾಗಿ ಸಿಗುವುದಿಲ್ಲ, ಬೇಸಿಗೆಯಲ್ಲಿ ಗುಂಡಿ ಒಣಗಿದರಂತೂ ಇನ್ನೂ ಕೆಡುತ್ತದೆ. ಅಳೆದಾಗ 20 ಓಮ್ ಬಂತು ಎಂದಿಟ್ಟುಕೊಳ್ಳಿ. ಪಂಪಿನ ಒಳಗೆ ವೈರು ಸವೆದು ಫೇಸ್ ಅದರ ಕಬ್ಬಿಣದ ಮೈಗೆ ತಾಗಿತು. 230 ಅನ್ನು 20 ರಿಂದ ಭಾಗಿಸಿ, ಹನ್ನೊಂದೂವರೆ ಆಂಪ್. 16 ಆಂಪಿನ ಎಂಸಿಬಿ ಬೀಳುವುದಿಲ್ಲ. ಅರ್ತ್ ಇದ್ದೂ ಪಂಪಿನ ಮೈಯಲ್ಲಿ ಕರೆಂಟ್ ನಿಂತೇ ಇರುತ್ತದೆ. ಒದ್ದೆ ಕಾಲಿನವನು ಮುಟ್ಟಿದರೆ ಹೋದ.

ಅದಕ್ಕೇ ಆರ್‌ಸಿಸಿಬಿ. ಹೋದ ಕರೆಂಟ್ ಎಷ್ಟು, ವಾಪಸ್ ಬಂದದ್ದು ಎಷ್ಟು ಎಂದು ಅದು ತೂಗಿ ನೋಡುತ್ತಲೇ ಇರುತ್ತದೆ. ಎಲ್ಲೋ ಸೋರಿ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಮೈಮೇಲೆ 30 ಮಿಲಿ ಆಂಪ್ ಎಂದು ಬರೆದದ್ದನ್ನೇ ಕೊಳ್ಳಿ. 100, 300 ಬರೆದವೂ ಸಿಗುತ್ತವೆ, ಅವು ಮನುಷ್ಯನ ಜೀವಕ್ಕೆ ಮಾಡಿದ್ದಲ್ಲ. ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಿಸಿ.

ಅದಕ್ಕೂ ಒಂದು ಮಿತಿ ಇದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೆ ನೀವು ಬಲ್ಬೋ ಮನುಷ್ಯನೋ ಗೊತ್ತಾಗುವುದಿಲ್ಲ. ಬೀಳುವುದಿಲ್ಲ. ಹಾಗಾಗಿ ಆರ್‌ಸಿಸಿಬಿ ಇದೆ ಎಂದು ಪ್ಲಗ್ ಕೀಳದೆ ಇರಬೇಡಿ.

ವೆಲ್ಡಿಂಗ್ ಅಣ್ಣ, ಯಾದಗಿರಿ

ಕಾಕಾ, ಇದರಲ್ಲಿ ನನ್ನ ಅನುಭವ ಬೇರೆ. ನಾನೂ ಹಾಕಿಸಿದ್ದೆ. ಮಳೆ ಬಂದ ದಿನ ದಿನಕ್ಕೆ ಹತ್ತು ಸಲ ಬೀಳುತ್ತಿತ್ತು. ಬಂದ ಎಲೆಕ್ಟ್ರಿಷಿಯನ್ "ಇದು ಸೂಕ್ಷ್ಮ ಜಾಸ್ತಿ" ಎಂದು ಅದನ್ನು ಬಿಟ್ಟು ನೇರ ಕೊಟ್ಟುಹೋದ. ಕೆಲಸ ನಿಲ್ಲಿಸಿ ಕೂರಲು ಆಗುತ್ತದೆಯೇ?

ನಿವೃತ್ತ ವೈರ್‌ಮನ್, ಕಲಬುರಗಿ

ಅಣ್ಣಾ, ದಯವಿಟ್ಟು ಅದನ್ನು ವಾಪಸ್ ಹಾಕಿಸಿ. ಹತ್ತು ಸಲ ಬಿದ್ದದ್ದು ನಿಮ್ಮಲ್ಲಿ ಎಲ್ಲೋ ಸೋರುತ್ತಿದೆ ಎಂದು ಹತ್ತು ಸಲ ಹೇಳಿದಂತೆ. ಎಲ್ಲಾ ಪ್ಲಗ್ ಕೀಳಿ, ಆರ್‌ಸಿಸಿಬಿ ಮೇಲೆತ್ತಿ. ನಿಂತಿತಾ? ಒಂದೊಂದೇ ಪ್ಲಗ್ ಹಾಕಿ ಓಡಿಸಿ ನೋಡಿ. ಯಾವುದಕ್ಕೆ ಬೀಳುತ್ತದೋ ಅದೇ ಕಳ್ಳ. ಸುಮ್ನೆ ಸ್ವಿಚ್ ಆಫ್ ಮಾಡಿ ನೋಡಬೇಡಿ, ನ್ಯೂಟ್ರಲ್ ತಂತಿ ಅರ್ತ್‌ಗೆ ತಾಗಿದ್ದರೆ ಸ್ವಿಚ್ ಆಫ್ ಇದ್ದರೂ ಬೀಳಬಹುದು. ಪ್ಲಗ್ಗೇ ಕೀಳಬೇಕು. ಏನೂ ಹಾಕದೆ ಬಿದ್ದರೆ ಗೋಡೆ ವೈರಿಂಗ್‌ನಲ್ಲಿ ನೀರು ಇಳಿದಿರಬಹುದು.

ಐಟಿಐ ಓದುತ್ತಿರುವವ, ಬೀದರ್

ಒಂದೊಂದು ಮಷಿನ್ ಸ್ವಲ್ಪ ಸ್ವಲ್ಪ ಸೋರಿ, ಎಲ್ಲ ಸೇರಿ 30ರ ಹತ್ತಿರ ಬಂದರೆ? ಆಗ ಯಾವ ಒಂದನ್ನೂ ದೂರುವಂತಿಲ್ಲ ಅಲ್ವಾ? ಪ್ರತಿ ಬೋರ್ಡಿಗೂ ಬೇರೆ ಬೇರೆ ಆರ್‌ಸಿಸಿಬಿ ಹಾಕಿದರೆ ಒಂದು ಬಿದ್ದರೂ ಉಳಿದ ಕೆಲಸ ನಡೆಯುತ್ತದೆ.

ನಿವೃತ್ತ ವೈರ್‌ಮನ್, ಕಲಬುರಗಿ

ಸರಿಯಾದ ಪ್ರಶ್ನೆ ತಮ್ಮಾ. ಹಾಗೂ ಆಗುತ್ತದೆ. ಬೇರೆ ಬೇರೆ ಹಾಕುವುದೇ ಒಳ್ಳೆಯದು, ಖರ್ಚು ಜಾಸ್ತಿ ಆಗುತ್ತದೆ.

ವೆಲ್ಡಿಂಗ್ ಅಣ್ಣ, ಯಾದಗಿರಿ

ನಾಲ್ಕು ಬೇರೆ ಬೇರೆ ಹಾಕಿಸುವಷ್ಟು ಸಣ್ಣ ಶೆಡ್‌ನವರಿಗೆ ಆಗುವುದಿಲ್ಲ. ಒಂದನ್ನು ವಾಪಸ್ ಹಾಕಿಸುತ್ತೇನೆ. ಆದರೆ ಮಳೆಗಾಲದಲ್ಲಿ ಅದು ನಿಲ್ಲುತ್ತದೆ ಎಂಬ ನಂಬಿಕೆ ನನಗೆ ಇನ್ನೂ ಬಂದಿಲ್ಲ.

ಆಸ್ಪತ್ರೆ ಸಿಸ್ಟರ್, ಬೀದರ್

ಅಕ್ಕಾ, ಸೂಚನೆಯಲ್ಲಿ ಒಂದು ಸಾಲು ಸೇರಿಸಿ. ಕರೆಂಟ್ ಹಿಡಿದವನನ್ನು ಕೈಯಿಂದ ಎಳೆಯಬಾರದು. ಒದ್ದೆ ನೆಲದಲ್ಲಿ ಎಳೆಯಲು ಹೋದವನೂ ಸಿಕ್ಕಿಕೊಳ್ಳುತ್ತಾನೆ. ಮೊದಲು ಮೇನ್ ಎಳೆಯಿರಿ. ಅದಕ್ಕೆ ಮೇನ್ ಎಲ್ಲಿದೆ ಎಂದು ನಾಲ್ವರಿಗೂ ಗೊತ್ತಿರಬೇಕು, ಮುಂದೆ ಕಲ್ಲು ಜೋಡಿಸಿ ದಾರಿ ಮುಚ್ಚಿರಬಾರದು. ಪ್ರಜ್ಞೆಯಿಲ್ಲ, ಉಸಿರಾಟ ಸರಿಯಿಲ್ಲ ಅಂದರೆ ಒಬ್ಬರು 108ಕ್ಕೆ ಫೋನ್ ಮಾಡಿ, ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಿರಬೇಕು. ಎದ್ದು ಕೂತು ಆರಾಮ ಇದ್ದೇನೆ ಎಂದರೂ, ಒಮ್ಮೆ ತಲೆ ತಿರುಗಿ ಬಿದ್ದಿದ್ದರೆ ಅಥವಾ ಎದೆ ಬಡಿತ ಏರುಪೇರಾಗಿದ್ದರೆ ಕರೆದುಕೊಂಡು ಬನ್ನಿ, ಇಸಿಜಿ ತೆಗೆಯಬೇಕು. ಕೈಯಲ್ಲಿ ಸಣ್ಣ ಕಲೆ ಕಂಡರೂ ಒಳಗೆ ಸುಟ್ಟಿರಬಹುದು.

ಫರ್ಸಿ ಶೆಡ್, ಕಲಬುರಗಿ

ಸಿಸ್ಟರ್, ನಮ್ಮ ಮೇನ್ ಮುಂದೆ ಹೊಸ್ತಿಲು ಕಲ್ಲು ಒರಗಿಸಿಟ್ಟಿದ್ದರು. ಇವತ್ತು ತೆಗೆಸಿದೆ.

ಈಗ ಹೀಗೆ ಬರೆದಿದ್ದೇನೆ:

ಕರೆಂಟ್ ಹೋದರೆ ಮೊದಲು ಲಾಕ್ ಬಿಡಿ, ಪ್ಲಗ್ ಕೀಳಿ.
ಬ್ಲೇಡ್, ಕಾರ್ಬನ್ ಮುಟ್ಟುವ ಮುಂಚೆ ಪ್ಲಗ್ ಕಣ್ಣೆದುರು ಇರಬೇಕು. ಸ್ವಿಚ್ ನಂಬಬೇಡಿ.
ದೊಡ್ಡ ಮಷಿನ್: ಹಿಡಿಕೆ ಎಳೆ, ಬೀಗ ಹಾಕು, ಕೀ ನಿನ್ನ ಜೇಬಿನಲ್ಲಿ. ಹಸಿರು ಒತ್ತಿ ನೋಡು.
ಬೋರ್ಡು ಕಂಬದ ಮೇಲೆ. ನೆಲದ ಮೇಲೆ ಕಂಡರೆ ಕೆಲಸ ನಿಲ್ಲಿಸಿ.
ಒಂದು ಬೋರ್ಡಿಗೆ ಒಂದೇ ಕಟರ್. ವೈರು ಪೂರ್ತಿ ಬಿಚ್ಚಿ.
ಆರ್‌ಸಿಸಿಬಿ ಬಿದ್ದರೆ ಎತ್ತಬೇಡಿ, ನನ್ನನ್ನು ಕರೆಯಿರಿ.
ಯಾರಿಗಾದರೂ ಕರೆಂಟ್ ಹಿಡಿದರೆ ಮುಟ್ಟಬೇಡಿ, ಮೇನ್ ಎಳೆಯಿರಿ. 108.

ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಕನ್ನಡ ಓದಲು ಬರುತ್ತದೆ. ಒಬ್ಬನಿಗೆ ತೆಲುಗು, ಇಬ್ಬರಿಗೆ ಓದಲು ಬರುವುದೇ ಇಲ್ಲ. ಓದಿ ಹೇಳುತ್ತೇನೆ, ಆದರೆ ಕೆಲಸದ ಗಡಿಬಿಡಿಯಲ್ಲಿ ನೆನಪಿರುತ್ತದಾ ಎಂಬುದೇ ಚಿಂತೆ.

ಕಟರ್ ಕೆಲಸದವ, ಚಿತ್ತಾಪುರ

ಅಕ್ಕಾ, ಓದಲು ಬಾರದವರಿಗೆ ಒಂದು ಉಪಾಯ ಇದೆ. ನನಗೆ ಆ ಝಟಕಾ ಆದ ಮೇಲೆ ನಾನು ಮಾಡಿಕೊಂಡದ್ದು. ಬ್ಲೇಡ್ ಬಿಚ್ಚುವ ಪಾನಾವನ್ನು ಕಟರಿನ ವೈರಿಗೆ, ಪ್ಲಗ್ಗಿನಿಂದ ಒಂದು ಗೇಣು ದೂರದಲ್ಲಿ ನೈಲಾನ್ ದಾರದಿಂದ ಕಟ್ಟಿದ್ದೇನೆ. ಬೋರ್ಡು ಕಂಬದ ಮೇಲೆ ಇರುತ್ತದೆ, ಪಾನಾ ಅಲ್ಲೇ ಜೋತಾಡುತ್ತಿರುತ್ತದೆ. ಅದು ಬ್ಲೇಡಿನ ತನಕ ಬರಬೇಕಾದರೆ ಪ್ಲಗ್ ಕಿತ್ತು ತರಲೇಬೇಕು. ಬೇರೆ ದಾರಿಯಿಲ್ಲ. ಬೇರೆ ಪಾನಾ ಶೆಡ್‌ನಲ್ಲಿ ಸಿಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಹುಡುಗರು ಅದನ್ನೇ ತರುತ್ತಾರೆ.

ನಿವೃತ್ತ ವೈರ್‌ಮನ್, ಕಲಬುರಗಿ

ಶಾಭಾಸ್ ತಮ್ಮಾ. ದಾರ ಗಿಡ್ಡ ಇರಲಿ, ಪಾನಾ ಸಾಕೆಟ್ ಹತ್ತಿರ ತಾಗದಷ್ಟು ಕೆಳಗೆ ಇರಲಿ. ಕಬ್ಬಿಣ ಅದು. ಪ್ಲಗ್ ಬಿಗಿಯಾಗಿ ಕೂತಿರಬೇಕು, ಪಾನಾ ತೂಕಕ್ಕೆ ಸಡಿಲವಾದರೆ ಮತ್ತೆ ಸುಡಲು ಶುರುವಾಗುತ್ತದೆ. ವೈರನ್ನು ಕಂಬದ ಮೊಳೆಗೆ ಒಂದು ಸುತ್ತು ಹಾಕಿದರೆ ತೂಕ ಮೊಳೆಗೆ ಬೀಳುತ್ತದೆ. ಮೊಳೆಗೆ ರಬ್ಬರ್ ಕೊಳವೆ ತೊಡಿಸಿ, ವೈರು ಸವೆಯಬಾರದು.

ಫರ್ಸಿ ಶೆಡ್, ಕಲಬುರಗಿ

ನಿನ್ನೆ ಎರಡೂ ಕಟರಿಗೆ ಹಾಗೇ ಕಟ್ಟಿದೆ. ಉಳಿದ ಪಾನಾ ಎಲ್ಲ ನನ್ನ ಕಪಾಟಿನಲ್ಲಿ. ಇವತ್ತು ಹನ್ನೊಂದಕ್ಕೆ ಕರೆಂಟ್ ಹೋಯಿತು. ಅದೇ ಹುಡುಗ ಕಂಬದ ಹತ್ತಿರ ಹೋಗಿ ಪಾನಾ ಎಳೆದ, ಬರಲಿಲ್ಲ, ಒಂದು ಕ್ಷಣ ನಿಂತ, ಪ್ಲಗ್ ಕಿತ್ತುಕೊಂಡು ಬಂದು ತೊಡೆಯ ಮೇಲೆ ಇಟ್ಟುಕೊಂಡು ಬ್ಲೇಡ್ ಬದಲಿಸಿದ. ನಡುವೆ ಕರೆಂಟ್ ಬಂತು, ಫ್ಯಾನ್ ತಿರುಗಿತು. ಅವನು ತಲೆ ಎತ್ತಿ ಫ್ಯಾನ್ ನೋಡಿ ಮತ್ತೆ ನಟ್ಟು ಬಿಗಿಮಾಡಿದ.

ಒಂದು ಉಳಿಯಿತು ಕಾಕಾ. ಗ್ರೈಂಡರಿನ ಕಾರ್ಬನ್‌ಗೆ ಪಾನಾ ಬೇಡ, ಸ್ಕ್ರೂಡ್ರೈವರ್ ಸಾಕು, ಅದು ಎಲ್ಲರ ಜೇಬಿನಲ್ಲೂ ಇರುತ್ತದೆ. ಅದಕ್ಕೆ ಏನು ಮಾಡಲಿ?

ನಿವೃತ್ತ ವೈರ್‌ಮನ್, ಕಲಬುರಗಿ

ಅದಕ್ಕೆ ಕಟ್ಟುವಂಥ ಉಪಾಯ ನನ್ನ ಹತ್ತಿರ ಇಲ್ಲ ತಂಗಿ. ಕಾರ್ಬನ್ ಪೊಟ್ಟಣವನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಕೇಳಲು ಬಂದವನ ಕೈಯಲ್ಲಿ ಗ್ರೈಂಡರ್ ಪ್ಲಗ್ ಸಮೇತ ಇದ್ದರೆ ಮಾತ್ರ ಕೊಡಿ.